ಮೂವತ್ತೆಂಟನ್ನು ಹನ್ನೊಂದು ಮಾಡಿದ ಅರ್ಜಿ

ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಹದಿಮೂರು ವರ್ಷ ಟೈಪಿಂಗ್ ಮಾಡಿದವಳು. ಕಾರ್ಕಳದಿಂದ ಬೆಳಿಗ್ಗೆ ಬಸ್ಸು ಹಿಡಿದು ಬಂದು, ಸಂಜೆ ಅದೇ ದಾರಿಯಲ್ಲಿ ವಾಪಸು ಹೋಗುತ್ತಿದ್ದೆ. ಕಾಲೇಜಿನ ಮಕ್ಕಳು ಪ್ರಾಜೆಕ್ಟ್ ರಿಪೋರ್ಟು, ಬಯೋಡಾಟಾ, ಕೆಲಸದ ಅರ್ಜಿಯ ಜೊತೆ ಇಡುವ ಕವರ್ ಲೆಟರ್ ಎಲ್ಲವನ್ನೂ ನಮ್ಮಲ್ಲಿಯೇ ಮಾಡಿಸುತ್ತಿದ್ದರು. ಒಂದೇ ಪತ್ರ, ಹೆಸರು ಮಾತ್ರ ಬೇರೆ. ಎಲ್ಲರೂ ಪರಿಶ್ರಮಿಗಳು, ಎಲ್ಲರೂ ಬೇಗ ಕಲಿಯುವವರು, ಎಲ್ಲರಿಗೂ ಸವಾಲೆಂದರೆ ಇಷ್ಟ. ಎಷ್ಟೋ ಸಲ ಮಕ್ಕಳು ಪೂರ್ತಿ ಹೇಳುವ ಮೊದಲೇ ನನ್ನ ಬೆರಳು ಮುಂದಿನ ಸಾಲು ಹೊಡೆದಿರುತ್ತಿತ್ತು.

ಆಮೇಲೆ ಮಕ್ಕಳು ಬರುವುದು ಕಡಿಮೆಯಾಯಿತು. ಪತ್ರಗಳನ್ನು ಫೋನೇ ಬರೆದುಕೊಡುತ್ತದಂತೆ. ಅಂಗಡಿಯಲ್ಲಿ ಉಳಿದದ್ದು ಆಧಾರ್ ಕಾರ್ಡಿನ ಪ್ರತಿ ಮತ್ತು ಲ್ಯಾಮಿನೇಷನ್ ಮಾತ್ರ. ಅಂಗಡಿಯ ಯಜಮಾನರು ಮಾತು ಕಡಿಮೆಯ ಮನುಷ್ಯ. ಮಧ್ಯಾಹ್ನ ಕರೆಂಟು ಉಳಿಯಲಿ ಎಂದು ತಮ್ಮ ಕಡೆಯ ಫ್ಯಾನು ಆಫ್ ಮಾಡಿ ನನ್ನ ಕಡೆಯದ್ದನ್ನು ಮಾತ್ರ ಇಡುತ್ತಿದ್ದರು. ಆ ಫ್ಯಾನಿನ ಕೆಳಗೆ ಕೂತು, ಮೂವತ್ತೇಳನೇ ವಯಸ್ಸಿನಲ್ಲಿ ಬೇರೆ ಎಂತ ಮಾಡಬಹುದು ಎಂದು ಯೋಚಿಸುತ್ತಿದ್ದೆ. ಉಡುಪಿಯ ಒಂದು ಸಂಸ್ಥೆ ಶನಿವಾರ, ಆದಿತ್ಯವಾರ ಆನ್‌ಲೈನ್ ಜಾಹೀರಾತಿನ ತರಗತಿ ನಡೆಸುತ್ತಿತ್ತು. ನಾಲ್ಕು ತಿಂಗಳದ್ದು. ಸೇರಿದೆ. ಅಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಮೊದಲ ದಿನ ನನ್ನನ್ನೇ ಟೀಚರ್ ಎಂದು ತಿಳಿದು ಎದ್ದು ನಿಂತಿದ್ದಳು.

ನಾನು ಆರಿಸಿಕೊಂಡದ್ದು ಪೇಯ್ಡ್ ಮೀಡಿಯಾ, ಅಂದರೆ ದುಡ್ಡು ಕೊಟ್ಟು ಹಾಕುವ ಜಾಹೀರಾತುಗಳನ್ನು ನೋಡಿಕೊಳ್ಳುವ ಕೆಲಸ. ಯಾರಿಗೆ ತೋರಿಸಬೇಕು, ಯಾವ ಪದಕ್ಕೆ ತೋರಿಸಬೇಕು, ಎಷ್ಟು ಖರ್ಚಾಯಿತು, ಅದರಿಂದ ಎಂತ ಬಂತು ಎಂದು ದಿನಾ ನೋಡುತ್ತಿರಬೇಕು. ಕೊನೆಯ ತಿಂಗಳಲ್ಲಿ ಪ್ರತಿಯೊಬ್ಬರೂ ಸ್ವಂತ ಖರ್ಚಿನಲ್ಲಿ ಒಂದು ನಿಜವಾದ ಜಾಹೀರಾತು ನಡೆಸಿ ತೋರಿಸಬೇಕು ಎಂದರು. ಅನುಭವ ಇಲ್ಲದವರ ಅರ್ಜಿಯಲ್ಲಿ ಬರೆಯಲಿಕ್ಕೆ ಅದೊಂದೇ ಗತಿ.

ಅಕ್ಕನನ್ನು ಕಾಪುವಿಗೆ ಕೊಟ್ಟದ್ದು. ಭಾವನದ್ದು ಏಳು ಜನ ಕೂರುವ ಒಂದು ಬಾಡಿಗೆ ಕಾರು. ನಿಮ್ಮ ಕಾರಿನದ್ದೇ ಜಾಹೀರಾತು ಹಾಕುತ್ತೇನೆ, ಖರ್ಚು ನನ್ನದು ಎಂದಾಗ ಭಾವ ಬೇಡ ಅನ್ನಲಿಲ್ಲ. ಕಾರಿನ ಫೋಟೋ, ಹೋಗುವ ಊರುಗಳು, ಒತ್ತಿದರೆ ಕರೆ ಹೋಗುವ ಫೋನ್ ನಂಬರು, ಇಷ್ಟಿದ್ದ ಒಂದು ಪುಟ ಮಾಡಿದೆ. ಯಾರಾದರೂ ಕಾಪು ಟ್ಯಾಕ್ಸಿ, ಉಡುಪಿ ಬಾಡಿಗೆ ಕಾರು ಎಂದು ಫೋನಿನಲ್ಲಿ ಹುಡುಕಿದರೆ ಮೇಲೆ ನಮ್ಮ ಜಾಹೀರಾತು ಬರುವ ಹಾಗೆ ಹೊಂದಿಸಿದೆ. ದಿನಕ್ಕೆ ಇನ್ನೂರು ರೂಪಾಯಿಯಂತೆ ಹದಿನೈದು ದಿನ. ಮೂರನೇ ದಿನ ಜನ ನಿಜವಾಗಿ ಏನು ಹುಡುಕಿ ಬಂದಿದ್ದಾರೆ ಎಂಬ ಪಟ್ಟಿ ತೆಗೆದು ನೋಡಿದರೆ, ಒಂಬತ್ತು ಮಂದಿ ಟ್ಯಾಕ್ಸಿ ಡ್ರೈವರ್ ಕೆಲಸ ಹುಡುಕುತ್ತಿದ್ದವರು. ಪಾಪ, ನನ್ನ ಹಾಗೆಯೇ ಕೆಲಸಕ್ಕೆ ಅಲೆಯುವವರು. ಅವರು ಜಾಹೀರಾತನ್ನು ಒತ್ತಿದ ಪ್ರತಿ ಸಲವೂ ನನ್ನ ದುಡ್ಡು ಹೋಗುತ್ತಿತ್ತು. ಕೆಲಸ, ಸಂಬಳ ಎಂಬ ಪದಗಳಿರುವ ಹುಡುಕಾಟಕ್ಕೆ ಜಾಹೀರಾತು ತೋರಿಸಬೇಡ ಎಂದು ಹಾಕಿದೆ.

ಹದಿನೈದು ದಿನ ಮುಗಿದಾಗ ವರದಿಯಲ್ಲಿ ಮೂವತ್ತೆಂಟು ಎಂದಿತ್ತು. ಜಾಹೀರಾತಿನಿಂದ ಬಂದವರು ನಮ್ಮ ಪುಟದ ಫೋನ್ ನಂಬರನ್ನು ಮೂವತ್ತೆಂಟು ಸಲ ಒತ್ತಿದ್ದರು. ಖರ್ಚನ್ನು ಭಾಗಿಸಿದರೆ ಒಂದಕ್ಕೆ ಎಂಬತ್ತು ರೂಪಾಯಿಯೂ ಬೀಳುತ್ತಿರಲಿಲ್ಲ. ತರಗತಿಯಲ್ಲಿ ಪಕ್ಕದ ಹುಡುಗಿ ನನ್ನ ಕೈ ಹಿಡಿದು ಕುಲುಕಿದಳು. ಆ ವಾರವೇ ನನ್ನ ಕವರ್ ಲೆಟರ್ ಬರೆದೆ. ಮೂವತ್ತೆಂಟು ಗ್ರಾಹಕರ ಕರೆಗಳನ್ನು ತಂದುಕೊಟ್ಟಿದ್ದೇನೆ ಎಂಬ ಸಾಲು ಮೊದಲ ಪ್ಯಾರಾದಲ್ಲಿಯೇ ಇತ್ತು. ಜೊತೆಗೆ ಪರಿಶ್ರಮಿ, ಬೇಗ ಕಲಿಯುವವಳು ಎಂದೂ ಹಾಕಿದ್ದೆ. ಕೈಗೆ ಅದೇ ಅಭ್ಯಾಸ.

ಕಳಿಸುವ ಮೊದಲು ಒಂದು ಆದಿತ್ಯವಾರ ತರಗತಿ ಮುಗಿಸಿ ಕಾಪುವಿಗೆ ಹೋದೆ. ಮೂವತ್ತೆಂಟು ಕರೆ ಬಂದ ಮೇಲೆ ಭಾವನಿಗೆ ಬಿಡುವೇ ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ಭಾವ ಮನೆಯ ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಅಕ್ಕ ಚಾ ತಂದಳು. ಕರೆಗಳು ಹೇಗೆ ಎಂದು ಕೇಳಿದೆ.

"ಒಳ್ಳೆಯದುಂಟು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ತೋರಿಸಿದೆ. ಹುಡುಕಿದರೆ ಮೇಲೆಯೇ ಬರುತ್ತದೆ, ಒತ್ತಿದರೆ ನನ್ನದೇ ನಂಬರು. ಅವರೂ ಒತ್ತಿ ಒತ್ತಿ ನೋಡಿದರು."

"ಎಷ್ಟು ಸಲ?"

"ದಿನಾ ಒಂದೆರಡು ಸಲ ಇರಬಹುದು. ಯಾಕೆ, ಒತ್ತಬಾರದಿತ್ತಾ?"

ಒತ್ತಬೇಡಿ ಎಂದು ನಾನೇ ಹೇಳಿರಲಿಲ್ಲ. ಅವರ ಫೋನು ತೆಗೆದುಕೊಂಡು ಆ ಹದಿನೈದು ದಿನದ ಕರೆಗಳನ್ನು ಒಂದೊಂದಾಗಿ ಕೇಳುತ್ತಾ ಹೋದೆ. ಇದು ಯಾರು, ಇದು ಯಾರು ಎಂದು. ಗೊತ್ತಿದ್ದವರನ್ನು ಬಿಟ್ಟರೆ ಹೊಸಬರದ್ದು ಹನ್ನೊಂದು ಕರೆ. ಅದರಲ್ಲಿ ಬಾಡಿಗೆ ಆದದ್ದು ನಾಲ್ಕು. ಮನೆಗೆ ಬಂದು ಲೆಕ್ಕದ ಸೆಟ್ಟಿಂಗು ತೆರೆದು ನೋಡಿದರೆ ನನ್ನ ತಪ್ಪೂ ಸಿಕ್ಕಿತು. ಒಬ್ಬರು ಒಮ್ಮೆ ಬಂದು ನಾಲ್ಕು ಸಲ ಒತ್ತಿದರೆ ಒಂದು ಎಂದು ಹಿಡಿಯಬೇಕಿತ್ತು. ನಾನು ಪ್ರತಿ ಸಲ ಒತ್ತಿದ್ದನ್ನೂ ಎಣಿಸುವ ಹಾಗೆ ಬಿಟ್ಟಿದ್ದೆ. ಒತ್ತಿದವರೆಲ್ಲ ಕರೆ ಮಾಡಿಯೇ ಮಾಡುತ್ತಾರೆ ಎಂದೂ ಇಲ್ಲ. ನಂಬರು ಪರದೆಗೆ ಬಂದ ಮೇಲೆ ಹಿಂದೆ ಹೋದವರೂ ಆ ಮೂವತ್ತೆಂಟರಲ್ಲಿ ಇದ್ದರು.

ಇನ್ನೊಂದು ತಪ್ಪೂ ಇತ್ತು, ಅಥವಾ ತಪ್ಪು ಎಂದು ನಾನು ತಿಳಿದದ್ದು. ಜಾಗದ ಆಯ್ಕೆಯಲ್ಲಿ ನಾನು ಉಡುಪಿ ಜಿಲ್ಲೆ ಎಂದು ಹಾಕಿದ್ದರೂ ಸುಮಾರು ಕ್ಲಿಕ್ಕುಗಳು ಮುಂಬೈಯಿಂದ ಬಂದಿದ್ದವು. ಊರಿನಲ್ಲಿ ಇರುವವರಿಗೆ ಮಾತ್ರವಲ್ಲ, ಊರಿನ ಬಗ್ಗೆ ಹುಡುಕುವವರಿಗೂ ತೋರಿಸು ಎಂಬುದು ಮೊದಲೇ ಆಯ್ಕೆಯಾಗಿರುತ್ತದೆ. ಅದನ್ನು ತೆಗೆಯಬೇಕು, ಇಲ್ಲದಿದ್ದರೆ ದುಡ್ಡು ಪೋಲು ಎಂದು ತರಗತಿಯಲ್ಲಿ ಹೇಳಿದ್ದರು. ನಾನು ಮರೆತಿದ್ದೆ. ಆದರೆ ಭಾವನನ್ನು ಕೇಳಿದಾಗ ಗೊತ್ತಾಯಿತು, ಆದ ನಾಲ್ಕು ಬಾಡಿಗೆಯಲ್ಲಿ ಎರಡು ಮುಂಬೈಯವರದ್ದೇ. ಮದುವೆಗೆಂದು ಊರಿಗೆ ಹೊರಡುವ ಮೊದಲು ಅಲ್ಲಿಂದಲೇ ಕಾರು ಹೇಳಿದವರು.

ಒಂದು ವಾರ ಆ ಪತ್ರವನ್ನು ಮುಟ್ಟಲಿಲ್ಲ. ಯಾರೂ ಪರೀಕ್ಷಿಸುವುದಿಲ್ಲ, ಸ್ಕ್ರೀನಿನಲ್ಲಿ ಮೂವತ್ತೆಂಟು ಎಂದೇ ಉಂಟಲ್ಲ, ನೀವು ಸುಳ್ಳು ಹೇಳಿದ ಹಾಗೆ ಆಗುವುದಿಲ್ಲ ಎಂದು ಪಕ್ಕದ ಹುಡುಗಿ ಹೇಳಿದಳು. ಅವಳ ಪತ್ರದಲ್ಲಿ ಮಾರಾಟ ಮೂರು ಪಟ್ಟು ಆಗಿತ್ತು. ಅವಳ ಮಾತು ತಪ್ಪು ಎಂದು ನನಗೆ ಅನಿಸಲಿಲ್ಲ. ಅನಿಸಿದ್ದು ಸುಸ್ತು ಮಾತ್ರ. ಇಂಥ ಪತ್ರ ಹದಿಮೂರು ವರ್ಷ ಟೈಪು ಮಾಡಿದ್ದೇನೆ, ಒಂದನ್ನೂ ನಂಬಿದ್ದಿಲ್ಲ. ಈಗ ನನ್ನದನ್ನು ಯಾರಾದರೂ ನಂಬಲಿ ಎಂದು ಕಾಯಬೇಕು. ಕೊನೆಗೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಎಲ್ಲ ಅಳಿಸಿ ಹೊಸದಾಗಿ ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ವರದಿ ಮೂವತ್ತೆಂಟು ಎಂದು ತೋರಿಸಿತು. ಕಾರಿನ ಮಾಲೀಕರ ಫೋನು ನೋಡಿದಾಗ ನಿಜವಾದ ಹೊಸ ಕರೆಗಳು ಹನ್ನೊಂದು, ಬಾಡಿಗೆಗಳು ನಾಲ್ಕು. ಉಳಿದವುಗಳಲ್ಲಿ ಕೆಲವು ಸ್ವತಃ ಅವರೂ ಅವರ ಸ್ನೇಹಿತರೂ ಒತ್ತಿದ್ದು. ಎಣಿಕೆಯ ಸೆಟ್ಟಿಂಗನ್ನು ತಪ್ಪಾಗಿ ಇಟ್ಟವಳು ನಾನು. ಒಂದು ಕರೆಗೆ ಆದ ಖರ್ಚು ಸುಮಾರು ಇನ್ನೂರ ಎಪ್ಪತ್ತು ರೂಪಾಯಿ."

ಮುಂಬೈಯ ವಿಷಯವನ್ನೂ ಎರಡು ಸಾಲಿನಲ್ಲಿ ಬರೆದೆ. ಪರಿಶ್ರಮಿ ಎಂಬುದನ್ನು ತೆಗೆದೆ. ವಯಸ್ಸು, ಟೈಪಿಂಗ್ ಕೆಲಸ, ಎರಡನ್ನೂ ಮುಚ್ಚಿಡಲಿಲ್ಲ. ಆರು ಕಡೆ ಕಳಿಸಿದೆ.

ಐದು ಕಡೆಯಿಂದ ಉತ್ತರವೇ ಬರಲಿಲ್ಲ. ತಿಂಗಳು ಕಳೆದು, ನಾನು ಆಸೆ ಬಿಟ್ಟ ಮೇಲೆ, ಮಣಿಪಾಲದ್ದೇ ಒಂದು ಸಣ್ಣ ಜಾಹೀರಾತು ಕಂಪೆನಿಯಿಂದ ಕರೆ ಬಂತು. ನಮ್ಮ ಅಂಗಡಿಯಿಂದ ನಡೆದು ಹೋಗುವಷ್ಟು ದೂರ. ಯಜಮಾನರಿಗೆ ಬ್ಯಾಂಕಿಗೆ ಹೋಗುತ್ತೇನೆ ಎಂದು ಹೇಳಿ ಹೋದೆ. ಆ ಸುಳ್ಳು ದಾರಿಯುದ್ದಕ್ಕೂ ಚುಚ್ಚುತ್ತಿತ್ತು.

ಸಂದರ್ಶನ ಮಾಡಿದ್ದು ಅಲ್ಲಿಯ ಜಾಹೀರಾತು ತಂಡ ನೋಡಿಕೊಳ್ಳುವ ಹುಡುಗ. ನನಗಿಂತ ಹತ್ತು ವರ್ಷವಾದರೂ ಚಿಕ್ಕವನು. ಕಣ್ಣ ಕೆಳಗೆ ಕಪ್ಪು. ಅವನೂ ದಣಿದಿದ್ದ. ಬಯೋಡಾಟಾ ನೋಡಲೇ ಇಲ್ಲ. ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿ, ನಿಮ್ಮ ಅಕೌಂಟು ತೆರೆದು ತೋರಿಸಿ ಮೇಡಮ್ ಎಂದ. ತೆರೆದೆ. ಹುಡುಕಾಟದ ಪದಗಳ ಪಟ್ಟಿ, ಬೇಡ ಎಂದು ಹಾಕಿದ ಪದಗಳು, ಖರ್ಚು, ಒಂದೊಂದಾಗಿ ನೋಡಿದ. ಜಾಗದ ವರದಿಯಲ್ಲಿ ಮುಂಬೈ ಕಂಡಾಗ ನಿಂತ.

"ಗೊತ್ತಾದ ಮೇಲೂ ಇದನ್ನು ಯಾಕೆ ತೆಗೆಯಲಿಲ್ಲ?"

"ಗೊತ್ತಾಗುವಾಗ ಜಾಹೀರಾತು ಮುಗಿದಿತ್ತು," ಎಂದೆ. "ಈಗಲೂ ತೆಗೆಯುವುದಿಲ್ಲ. ಮುಂಬೈಯವರಿಗೆ ಬೇರೆಯೇ ಒಂದು ಜಾಹೀರಾತು ಮಾಡುತ್ತೇನೆ, ಅದಕ್ಕೆ ಬೇರೆ ಖರ್ಚು ಇಡುತ್ತೇನೆ. ಊರಿನ ಜಾಹೀರಾತಿನಲ್ಲಿ ಊರಿನಲ್ಲಿ ಇರುವವರನ್ನು ಮಾತ್ರ ಇಡುತ್ತೇನೆ. ಆಗ ಯಾವುದರಿಂದ ಎಷ್ಟು ಬಂತು ಎಂದು ತಿಳಿಯುತ್ತದೆ."

ಅವನು ತಲೆಯಾಡಿಸಿದ. ಹೌದೋ ಅಲ್ಲವೋ ಗೊತ್ತಾಗಲಿಲ್ಲ. ನೀವು ಮೂವತ್ತೆಂಟು ಎಂದೇ ಬರೆದಿದ್ದರೆ ಅಕೌಂಟು ತೆರೆದ ಕೂಡಲೇ ನನಗೆ ಎಣಿಕೆ ತಪ್ಪಿರುವುದು ಕಾಣುತ್ತಿತ್ತು, ಕಳೆದ ವಾರ ಬಂದ ಮೂವರದ್ದೂ ಹಾಗೆಯೇ ಕಂಡದ್ದು ಎಂದ. ಆಮೇಲೆ ನೇರವಾಗಿ ಹೇಳಿದ: ಕಂಪೆನಿಯವರಿಗೆ ಈಗಷ್ಟೇ ಕಾಲೇಜು ಮುಗಿಸಿದವರು ಬೇಕು, ಸಂಬಳ ಫ್ರೆಶರ್‌ನದ್ದೇ, ನಿಮ್ಮ ಹದಿಮೂರು ವರ್ಷಕ್ಕೆ ಇಲ್ಲಿ ಬೆಲೆ ಇಲ್ಲ, ಆದರೂ ಮೇಲಿನವರನ್ನು ಕೇಳಿ ನೋಡುತ್ತೇನೆ. ಬೆಲೆ ಇಲ್ಲ ಎಂದದ್ದಕ್ಕೆ ಬೇಸರ ಆಗಲಿಲ್ಲ. ಅದು ನನಗೆ ಗೊತ್ತಿದ್ದದ್ದೇ.

ಮತ್ತೆ ಮೂರು ವಾರ ಏನೂ ಇಲ್ಲ. ಅವರು ಮೊದಲು ಬೇರೆ ಯಾರನ್ನೋ ತೆಗೆದುಕೊಂಡರಂತೆ. ಹಾಗೆ ಸೇರಿದವನು ಎಂಟು ದಿನಕ್ಕೆ ಬಿಟ್ಟು ಹೋದನಂತೆ. ಆಗ ನನಗೆ ಕರೆ ಬಂತು. ಆರು ತಿಂಗಳು ಪ್ರೊಬೇಷನ್, ಸಂಬಳ ಅಂಗಡಿಯಲ್ಲಿ ಸಿಗುತ್ತಿದ್ದಷ್ಟೇ, ಸೋಮವಾರ ಬನ್ನಿ. ಸಂತೋಷವಾಗಬೇಕಿತ್ತು. ಆಯಿತು ಎಂದೇ ಹೇಳಬೇಕು. ಆದರೆ ಫೋನು ಇಟ್ಟ ಮೇಲೆ ಮೊದಲು ಮಾಡಿದ್ದು ಬೆಂಚಿನ ಮೇಲೆ ಕೂತು ಒಂದು ಲೋಟ ನೀರು ಕುಡಿದದ್ದು.

ಯಜಮಾನರಿಗೆ ಹೇಳುವುದು ಕಷ್ಟವಾಗಿತ್ತು. ಬಾಗಿಲು ಹಾಕುವ ಹೊತ್ತಿಗೆ, ಬೇರೆ ಕೆಲಸ ಸಿಕ್ಕಿದೆ, ಬೇಕಾದರೆ ಹದಿನೈದು ದಿನ ಸಂಜೆ ಬಂದು ಕೆಲಸ ಮುಗಿಸಿಕೊಡುತ್ತೇನೆ ಎಂದೆ. ಅವರು ಕೌಂಟರಿನ ಮೇಲಿದ್ದ ಕಾಗದಗಳನ್ನು ಸರಿಮಾಡುತ್ತಾ ಇದ್ದರು.

"ಬೇಡ, ನೀವು ಹೋಗಿ," ಎಂದರು. "ಟೈಪಿಂಗ್ ನಿಲ್ಲಿಸಬೇಕು ಎಂದು ನಾಲ್ಕು ತಿಂಗಳಿಂದ ಯೋಚನೆ ಮಾಡುತ್ತಿದ್ದೆ. ನಿಮಗೆ ಹೇಗೆ ಹೇಳುವುದು ಎಂದು ಗೊತ್ತಾಗಲಿಲ್ಲ."

ಇಬ್ಬರೂ ಸೇರಿ ಶಟರು ಎಳೆದೆವು. ಅವರು ಸ್ಕೂಟರಿನಲ್ಲಿ ಹೋದರು. ನಾನು ಕಾರ್ಕಳದ ಬಸ್ಸಿಗೆ ನಿಂತೆ. ಬಸ್ಸು ತುಂಬಿ ಬಂತು. ಪರ್ಕಳ ದಾಟಿದ ಮೇಲೆ ಒಂದು ಸೀಟು ಸಿಕ್ಕಿತು. ಕೂತವಳಿಗೆ ಹಾಗೆಯೇ ನಿದ್ದೆ ಬಂತು.