ತಂತಿಯಲ್ಲಿ ಕಟ್ಟಿದ ಬಾಳೆಗಿಡ

ಖಂಡೇನವಮಿಯ ಆಯುಧಪೂಜೆಗೆ ಗಾಡಿ ಶೃಂಗರಿಸುವುದರಲ್ಲಿ ಮನೋಳಿಯಲ್ಲಿ ನನ್ನನ್ನು ಸರಿಗಟ್ಟುವವರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಐದನೆಯ ಇಯತ್ತೆಗೆ ಸಾಲಿ ಬಿಟ್ಟು, ಲಾರಿಯ ಕ್ಲೀನರ್ ಆಗಿ, ಆಮೇಲೆ ಡ್ರೈವರ್ ಆಗಿ, ಕಡೆಗೆ ಸ್ವಂತದ್ದೊಂದು ಬಾಡಿಗೆ ಕಾರು ಮಾಡಿಕೊಂಡವನು ನಾನು. ಅದರ ಮುಂದೆ ನಿಂತರೆ ಎದೆ ಸ್ವಲ್ಪ ಉಬ್ಬುತ್ತಿತ್ತು.

ನಮ್ಮ ಪಕ್ಕದ ಮನೆಯ ಮುದುಕಿಗೆ ಓಣಿಯೆಲ್ಲ ಅವ್ವ ಎನ್ನುತ್ತಿತ್ತು. ಪ್ರತಿವರ್ಷ ನನ್ನ ಗಾಡಿಯ ಮಾಲೆ ಅವಳದೇ. ಹಿತ್ತಲಿನ ಚೆಂಡುಹೂ ಹರಿದು, ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಬಾನೆಟ್ಟಿನ ಉದ್ದಕ್ಕೆ ಸರಿಯಾಗಿ ಪೋಣಿಸಿ ಕೊಡುತ್ತಿದ್ದಳು.

ಆ ವರ್ಷ ನಾನು ಬಾಳೆಗಿಡಕ್ಕೆ ತಂತಿ ಬಿಗಿಯುವುದನ್ನು ಅವಳು ಅಲ್ಲಿಂದಲೇ ನೋಡಿದಳು.

"ತಮ್ಮಾ, ತಂತಿ ಯಾಕೋ? ದಾರಾ ಹಾಕಿ ಜಾರುಗಂಟ ಕಟ್ಟು. ಜಗ್ಗಿದ್ರ ಬಿಚ್ಚಬೇಕು."

"ಹ್ವಾದ ವರ್ಷ ದಾರಾನ ಕಟ್ಟಿದ್ದೆ, ಗಿಡ ಬಿದ್ದು ಓಣಿ ಮಂದಿ ಎಲ್ಲಾ ನಕ್ಕರು. ಗಾಡಿ ಕಟ್ಟೂದು ನನಗ ಕಲಸ್ತಿಯೇನಬೇ?"

"ನಿನಗ ಕಲಸಾವ್ರ ಇನ್ನೂ ಹುಟ್ಟಿಲ್ಲ ಬಿಡಪಾ," ಎಂದು ನಕ್ಕು ಮತ್ತೆ ಹೂವಿಗೆ ಸೂಜಿ ಹಾಕಿದಳು.

ಬಂಪರಿನ ಎರಡೂ ಕಡೆ ಒಂದೊಂದು ಗಿಡ ನಿಲ್ಲಿಸಿ, ಬುಡಕ್ಕೆ ತಂತಿ ಬಿಗಿದೆ. ತುದಿಗಳನ್ನು ಗಾಜಿನ ಮುಂದೆ ಕಮಾನಿನಂತೆ ಬಾಗಿಸಿ ಮೇಲಿನ ಕ್ಯಾರಿಯರಿಗೆ ಕಟ್ಟಿದೆ. ಪಕ್ಕಡದಿಂದ ನಾಲ್ಕು ಕಡೆಯೂ ತಂತಿ ತಿರುವಿ, ಚುಚ್ಚಬಾರದೆಂದು ಮೊನೆಗಳನ್ನು ಒಳಗೆ ಮಡಚಿದೆ. ದೀಪದ ವಿಷಯದಲ್ಲಿ ಮಾತ್ರ ನಾನು ಮೊದಲಿನಿಂದಲೂ ಹುಷಾರು. ಗಾಡಿಯ ಕೆಳಗಾಗಲಿ ಬಾನೆಟ್ಟಿನ ಮೇಲಾಗಲಿ ಇಡುವವನಲ್ಲ. ಮೂರು ಹೆಜ್ಜೆ ಮುಂದೆ, ಮಾಲೆಗೂ ಎಲೆಗೂ ತಾಗದಂತೆ, ಗಾಳಿಗೆ ಮರೆ ಇರುವ ಕಡೆ ಪರಾತಿನಲ್ಲಿ ಉಸುಕು ಹಾಕಿ ಅದರೊಳಗೆ ಹಣತೆ ಊರುತ್ತೇನೆ. ಬೆಂಕಿಯಿಂದಲೇ ಕೇಡು ಬರುತ್ತದೆ ಎಂದು ತಿಳಿದಿದ್ದೆ.

ಪೂಜೆಯ ಹೊತ್ತಿಗೆ ಪಾನೆ, ಪಕ್ಕಡ, ಜಾಕು, ಮನೆಯ ಕುಡಗೋಲು, ಈಳಿಗೆ ಎಲ್ಲವನ್ನೂ ತೊಳೆದು ದೇವರ ಮುಂದೆ ಜೋಡಿಸಿ, ವಿಭೂತಿ ಕುಂಕುಮ ಹಚ್ಚಿದೆವು. ಮರುದಿನ ಬನ್ನಿ ಮುಡಿಯುವ ತನಕ ಅವನ್ನು ಕದಲಿಸುವಂತಿಲ್ಲ. ನನ್ನ ಅಪ್ಪ ಪಾಲಿಸಿದ್ದು, ನಾನೂ ಪಾಲಿಸುತ್ತಿದ್ದೆ.

ಗಾಡಿಗೆ ಆರತಿ ಮಾಡಿ, ಎಡೆ ಹಿಡಿದು ಊಟಕ್ಕೆ ಕೂತಿದ್ದೆ. ಅವ್ವನ ಸೊಸೆ ಓಡಿ ಬಂದಳು.

"ಅಣ್ಣಾ, ಗಾಡಿ ತಗೀರಿ! ಅತ್ತಿ ಬಾಯಿ ಒಂದ ಕಡೆ ಸೊಟ್ಟ ಆಗೇತಿ, ಕೈ ಎತ್ತವಲ್ರು."

ಆಂಬುಲೆನ್ಸಿಗೆ ಫೋನು ಹಚ್ಚಿದರೆ ಅದು ಬೇರೆ ಪೇಷಂಟನ್ನು ಕರೆದೊಯ್ಯುತ್ತಿತ್ತು, ತಡವಾಗುತ್ತದೆ ಎಂದರು. ಓಣಿಯಲ್ಲಿದ್ದ ಬೇರೆ ಗಾಡಿಗಳೆಲ್ಲ ಬೈಕುಗಳು. ಕೂಡ್ರಲಾರದವಳನ್ನು ಬೈಕಿನ ಮೇಲೆ ಒಯ್ಯುವುದು ಹೇಗೆ?

ಹೆಂಡತಿ ಪರಾತನ್ನು ಎತ್ತಿ ದೂರ ಇಟ್ಟಳು. ದೀಪ ಸರಿಯಲು ಒಂದು ಗಳಿಗೆ ಸಾಕಾಯಿತು. ಬಾಳೆ ಸರಿಯಲಿಲ್ಲ. ಗಾಜಿನ ತುಂಬ ಎಲೆ, ದಾರಿಯೇ ಕಾಣದು. ಜಗ್ಗಿದೆ, ಎಲೆ ಹರಿದು ಕೈಗೆ ಬಂತು, ದಿಂಡು ಅಲ್ಲೇ ನಿಂತಿತು. ಮಡಚಿದ ಮೊನೆಗೆ ಬೆರಳು ಹಾಕಿದರೆ ಉಗುರು ಕಿತ್ತು ಬಂತೇ ಹೊರತು ತಂತಿ ಸಡಿಲಾಗಲಿಲ್ಲ.

ತಂತಿ ಕತ್ತರಿಸುವುದನ್ನು ತರಲು ಒಳಗೆ ಓಡಿದೆ. ಪಕ್ಕಡದ ಮೇಲೆ ಹೂ ಇತ್ತು, ಅದರ ಮುಂದೆ ದೀಪ ಉರಿಯುತ್ತಿತ್ತು. ನನ್ನ ಕೈ ಮುಂದೆ ಹೋಗಲಿಲ್ಲ. ಹೆಚ್ಚು ಹೊತ್ತೇನಲ್ಲ. ಆದರೆ ನಿಂತೆ. ಅದು ನಿಜ.

"ಏನ್ ನೋಡ್ತೀರಿ? ದೇವ್ರಿಗೆ ನಾ ಉತ್ತರಾ ಕೊಡ್ತೇನಿ, ಹಿಡೀರಿ!" ಎಂದು ಹೆಂಡತಿಯೇ ಎತ್ತಿ ಕೊಟ್ಟಳು.

ನಾಲ್ಕು ಕಡೆ ತಂತಿ ಕತ್ತರಿಸಬೇಕಿತ್ತು. ಕುಂಕುಮ, ಎಣ್ಣೆ ಕೂಡಿ ಪಕ್ಕಡ ಜಾರುತ್ತಿತ್ತು. ಅಷ್ಟೂ ಹೊತ್ತು ಅವ್ವ ಕಟ್ಟೆಯ ಮೇಲೆ ಸೊಸೆಯ ತೊಡೆಗೆ ತಲೆ ಇಟ್ಟು ನನ್ನನ್ನೇ ನೋಡುತ್ತಿದ್ದಳು. ಏನೋ ಹೇಳಲು ಹೋದಳು. ಮಾತು ಬರಲಿಲ್ಲ.

ಅವಳೇ ಪೋಣಿಸಿದ ಮಾಲೆ ಬಾನೆಟ್ಟಿನ ಮೇಲೆ ಬಡಿದಾಡುತ್ತಿರುವಾಗ ಸವದತ್ತಿಗೆ ಗಾಡಿ ಓಡಿಸಿದೆ. ದವಾಖಾನೆಯಲ್ಲಿ ಡಾಕ್ಟರು, "ಲಕ್ವಾ ಹೊಡದು ಎಷ್ಟೊತ್ತಾತು?" ಎಂದು ಕೇಳಿದರು. ಸೊಸೆ ಏನೋ ಲೆಕ್ಕ ಹೇಳಿದಳು. ಅವರು ಬರೆದುಕೊಂಡು, "ಇನ್ನೊಂದೀಟು ಲಗೂ ಬರಬೇಕಿತ್ತು," ಎಂದರು. ಬೈಗುಳವಲ್ಲ, ಸುಮ್ಮನೆ ಹೇಳಿದ ಮಾತು. ನಾನು ಬೆರಳಿನ ರಕ್ತವನ್ನು ಅಂಗಿಗೆ ಒರೆಸಿಕೊಂಡೆ.

ಅವ್ವ ಉಳಿದಳು. ಬಲಗೈ ಹೋಯಿತು, ಮಾತು ಹೋಯಿತು. ತಂತಿಗೆ ಹೋದ ಆ ಹೊತ್ತು ಮಿಕ್ಕಿದ್ದರೆ ಅವು ಉಳಿಯುತ್ತಿದ್ದವೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಅವರ ಮನೆಯವರು ಒಂದು ದಿನವೂ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ.

ಈ ವರ್ಷ ಮಾಲೆಯನ್ನು ಸಂತೆಯಿಂದ ತಂದೆ. ಅವ್ವನನ್ನು ಅದೇ ಕಟ್ಟೆಯ ಮೇಲೆ ಕೂಡ್ರಿಸಿದ್ದರು. ಗಾಜಿಗೆ ಅಡ್ಡ ಬರದಂತೆ ಎಳೆಯ ಗಿಡಗಳನ್ನು ಆಚೀಚೆ ನಿಲ್ಲಿಸಿ, ದಾರದಲ್ಲಿ ಜಾರುಗಂಟು ಹಾಕಿದೆ. ದಾರದ ತುದಿಯನ್ನು ಕಟ್ಟೆಯ ತನಕ ಒಯ್ದು ಅವಳ ಎಡಗೈಗೆ ಕೊಟ್ಟೆ.

"ಜಗ್ಗಿ ನೋಡಬೇ ಅವ್ವಾ."

ಜಗ್ಗಿದಳು. ಗಂಟು ಬಿಚ್ಚಿ ಗಿಡ ನೆಲಕ್ಕೆ ಬಿತ್ತು. ಓಣಿಯಲ್ಲಿ ಯಾರೂ ನಗಲಿಲ್ಲ.