ಅಮ್ಮನ ಮಾತ್ರೆಯ ಲೆಕ್ಕ

ಟೈಲರಕ್ಕ ಬಟ್ಟೆ ಕತ್ತರಿಸುವಾಗ ಒಂದಿಂಚು ಹೆಚ್ಚಿಗೇ ಬಿಡುವವಳು. ಮನೆಯ ದುಡ್ಡಿನಲ್ಲೂ ಅದೇ ಎಚ್ಚರ. ಬಾಡಿಗೆಗೆ ಒಂದು ಡಬ್ಬಿ, ಔಷಧಿಗೆ ಒಂದು, ಕರೆಂಟಿಗೆ ಇನ್ನೊಂದು. ಒಂದರ ದುಡ್ಡು ಇನ್ನೊಂದಕ್ಕೆ ಸೇರಿದರೆ ಅವಳಿಗೆ ನಿದ್ದೆ ಬಾರದು. ಅಂಥವಳು ಅಪ್ಪ ಅಮ್ಮನನ್ನು ಯಾತ್ರೆಗೆ ಕಳಿಸಲು ಹೊರಟು ಸೋತು ಕೂತಿದ್ದಳು.

ರೈಲಿನಲ್ಲಿ ಹೋಗಿ ಬರುವ ಟಿಕೆಟ್ಟು, ಕೆಳಗಿನ ಬರ್ತು. ದೇವಸ್ಥಾನಕ್ಕೆ ಹತ್ತಿರವಿರುವ, ಮೆಟ್ಟಿಲಿಲ್ಲದ ನೆಲಮಹಡಿ ರೂಮು. ಹರಕೆಯ ಕಾಣಿಕೆ. ಔಷಧಿ. ಇಷ್ಟಕ್ಕೇ ಕೂಡಿಟ್ಟದ್ದೆಲ್ಲ ಮುಗಿದಿತ್ತು. ಜೊತೆಗೆ ಹೋಗಲು ಒಪ್ಪಿದ ನಿವೃತ್ತ ನರ್ಸಮ್ಮನ ಟಿಕೆಟ್ಟು, ಊಟ, ದಿನಗೂಲಿಗೆ ಕೈಯಲ್ಲಿ ಏನೂ ಇಲ್ಲ. ಅವರಿಲ್ಲದೆ ಕಳಿಸಲು ಅವಳಿಗೆ ಧೈರ್ಯವಿಲ್ಲ. ಮುಂದಿನ ವರ್ಷಕ್ಕೆ ಅಮ್ಮನ ಮಂಡಿ ಒಪ್ಪುತ್ತದೆಂಬ ಭರವಸೆಯೂ ಇಲ್ಲ.

"ನರ್ಸಮ್ಮ ಯಾಕೆ? ನಾನಿಲ್ವಾ?" ಎಂದರು ಅಪ್ಪ.

"ನೀವಿರೋದಕ್ಕೇ ನರ್ಸಮ್ಮ ಬೇಕು," ಎಂದರು ಅಮ್ಮ. ಹೋದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ತಲೆಸುತ್ತಿ ಕೂತವರು ಅಪ್ಪನೇ. ಅವರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

"ಕಾಣಿಕೆ ಸ್ವಲ್ಪ ಕಮ್ಮಿ ಮಾಡೋಣ್ವೇನಮ್ಮಾ?" ಖರ್ಚಿನ ಪಟ್ಟಿ ನೋಡುತ್ತ ಟೈಲರಕ್ಕ ಕೇಳಿದಳು.

"ಹರಕೆ ಹೊತ್ತಿದ್ದು ನಾನು. ಅದಕ್ಕೆ ಕೈ ಹಾಕಬೇಡ. ಬೇರೆ ಏನೇನಿದೆ, ಓದು ನೋಡೋಣ."

ಟೈಲರಕ್ಕ ಓದಿದಳು. ಔಷಧಿಯ ಸಾಲು ಬಂದಾಗ ಅಮ್ಮ ತಡೆದರು. "ಇದ್ಯಾವ ಔಷಧಿ?"

"ನಿಮ್ಮಿಬ್ಬರದೇ. ಬಿಪಿ, ಸಕ್ಕರೆ, ಮಂಡಿ. ತಿಂಗಳಿಗಾಗೋಷ್ಟು."

"ಮನೇಲಿದ್ರೆ ನುಂಗಲ್ವೇನೇ ನಾವು?"

ಟೈಲರಕ್ಕ ಔಷಧಿಯ ಡಬ್ಬಿ ತೆಗೆದು ನೋಡಿದಳು. ಯಾತ್ರೆಯ ತಿಂಗಳ ಔಷಧಿಯ ದುಡ್ಡು ಆಗಲೇ ಅದರಲ್ಲಿತ್ತು. ಮನೆಯಲ್ಲಿ ನುಂಗುವ ಮಾತ್ರೆಯನ್ನೇ ರೈಲಿನಲ್ಲಿ ನುಂಗುತ್ತಾರೆ ಅಷ್ಟೆ. ಡಬ್ಬಿ ಬೇರೆ, ಯಾತ್ರೆ ಬೇರೆ ಎಂದುಕೊಂಡು ಒಂದೇ ಔಷಧಿಗೆ ಎರಡು ಸಲ ದುಡ್ಡು ತೆಗೆದಿಟ್ಟಿದ್ದಳು ಮಹರಾಯ್ತಿ. ಇಬ್ಬರ ಮಾತ್ರೆಯೆಂದರೆ ಸಣ್ಣ ಮೊತ್ತವೇ? ರೈಲು ತಡವಾದರೆ ಇರಲೆಂದು ಮೂರು ದಿನದ ಮಾತ್ರೆಗೆ ಬಿಟ್ಟು ಉಳಿದದ್ದನ್ನು ನರ್ಸಮ್ಮನ ಖರ್ಚಿಗೆ ಹಾಕಿ ನೋಡಿದಳು. ಸರಿಹೋಯಿತು. ಸ್ಟೇಷನ್ನಿನಿಂದ ರೂಮಿಗೆ ಆಟೋದ ದುಡ್ಡೂ ಮಿಕ್ಕಿತು.

ಅವಳು ನಗಲು ಹೋದಳು, ಅಳು ಬಂತು. ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು. "ಅಳೋದಕ್ಕೇನಾಯ್ತೇ, ದುಡ್ಡು ಸಿಕ್ಕಿದ್ದಕ್ಕಾ?" ಎಂದು ಅಮ್ಮ ಬೈಯುತ್ತ ಬೆನ್ನು ಸವರಿದರು.

ಪೇಪರಿನ ಹಿಂದೆ ಅಪ್ಪ ಕೆಮ್ಮಿದರು. ಎದ್ದು ಹೋಗಿ ಫೋನ್ ತೆಗೆದುಕೊಂಡರು.

"ನರ್ಸಮ್ಮಾ, ಟಿಕೆಟ್ ಮೂರೂ ಒಟ್ಟಿಗೇ ಮಾಡಿಸ್ತಿದ್ದೀವಿ," ಎಂದರು. ದನಿ ತಗ್ಗಿಸಿ ಸೇರಿಸಿದರು: "ನಿಮ್ಮ ಸೀಟು ನನ್ನ ಪಕ್ಕಾನೇ ಇರಲಿ."