ಪಟದಲ್ಲಿದ್ದ ಸಂಖ್ಯೆಗೆ ಗಂಡು ಹುಡುಕಿದ್ದು

ನಮ್ಮ ಕಾಲದಲ್ಲಿ ಗಂಡಿನ ಕಡೆಯವರಿಗೆ ಕಳಿಸುವ ಪಟದಲ್ಲಿ ಹುಡುಗಿಯ ಪಕ್ಕ ಒಂದು ಹೂದಾನಿ ಇರುತ್ತಿತ್ತು. ನನ್ನ ಪಕ್ಕ ಕಪ್ಪುಹಲಗೆ ಇತ್ತು. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ನಮ್ಮಪ್ಪ ಅದರ ಮೇಲೆ ಸೀಮೆಸುಣ್ಣದಿಂದ 5489031744 ಎಂದು ಬರೆದು, ನನ್ನನ್ನು ಅದಕ್ಕೆ ಕಾವಲು ನಿಲ್ಲಿಸಿದರು. ಪಟ ನೋಡಿದ ಗಂಡು ಆ ಸಂಖ್ಯೆಯ ವರ್ಗಮೂಲ, ಘನಮೂಲ, ಒಟ್ಟು ಭಾಜಕಗಳೆಷ್ಟು ಎಂಬುದನ್ನು ಹೇಳಿದರೆ ಮಾತ್ರ ಮುಂದಿನ ಮಾತು. ಅಮ್ಮ ಹಣೆ ಚಚ್ಚಿಕೊಂಡಳು. ನನಗೂ ಮೈ ಉರಿಯಿತು.

ಅದು ಅಪ್ಪನ ಮುದ್ದಿನ ಸಂಖ್ಯೆ. ಅವಿಭಾಜ್ಯಗಳಾಗಿ ಒಡೆದರೆ ಎರಡು ಆರು ಸಲ, ಮೂರು ಆರು ಸಲ, ಏಳು ಆರು ಸಲ, ಅಷ್ಟೇ. ಪ್ರತಿಯೊಂದನ್ನೂ ಮೂರು ಸಲ ತೆಗೆದುಕೊಂಡು ಗುಣಿಸಿದರೆ ವರ್ಗಮೂಲ 74088. ಎರಡು ಸಲ ತೆಗೆದುಕೊಂಡರೆ ಘನಮೂಲ 1764. ಭಾಜಕ ಕಟ್ಟುವಾಗ ಪ್ರತಿ ಅವಿಭಾಜ್ಯವನ್ನೂ ಪೂರ್ತಿ ಬಿಡಬಹುದು, ಇಲ್ಲವೇ ಒಂದರಿಂದ ಆರು ಸಲದವರೆಗೆ ಸೇರಿಸಬಹುದು. ಹೀಗೆ ಒಂದೊಂದಕ್ಕೂ ಏಳು ದಾರಿ. ಏಳನ್ನು ಏಳರಿಂದ, ಮತ್ತೆ ಏಳರಿಂದ ಗುಣಿಸಿದರೆ 343. ಅಪ್ಪ ಪ್ರತಿ ವರ್ಷದ ಹುಡುಗರಿಗೂ ಇದನ್ನೇ ಉರು ಹೊಡೆಸುತ್ತಿದ್ದರು.

ಪಟ ಊರೂರು ತಿರುಗಿತು. ಒಬ್ಬ ಗಂಡಿನ ಸೋದರಮಾವ ಇದು ವರದಕ್ಷಿಣೆಯೇ ಎಂದು ಆಸೆಯಿಂದ ಕೇಳಿದ. ಮಿಕ್ಕವರು ಲೆಕ್ಕ ಕೂಡಿ ಬರಲಿಲ್ಲ ಎಂದರು. ಅಪ್ಪ ಅವರಿಗೆಲ್ಲ ಕಾಫಿ ಕೊಟ್ಟು ಕಳಿಸಿ, ಈ ದೇಶ ಉದ್ಧಾರವಾಗುವುದಿಲ್ಲ ಎಂದು ನಿಟ್ಟುಸಿರಿಟ್ಟರು.

ಕೊನೆಗೆ ಯಳಂದೂರಿನ ರೇಷ್ಮೆ ವ್ಯಾಪಾರಿಯ ಮಗ ಬಂದ. ಮೂರೂ ಉತ್ತರಗಳನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ. ಆಗ ಕೊಳ್ಳೇಗಾಲ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಯಳಂದೂರು ಮೈಸೂರು ಸಂಸ್ಥಾನಕ್ಕೆ. ಆದರೂ ಅಪ್ಪ ಗಡಿಯನ್ನೆಲ್ಲ ಮರೆತು ಅವನನ್ನು ಅಪ್ಪಿಕೊಂಡರು. ಮದುವೆಯಾದ ಮೇಲೆ ಹೆಂಗಸಿಗೆ ಲೆಕ್ಕಗಿಕ್ಕ ಯಾಕೆ ಎಂದು ಅವನು ಅಮ್ಮನ ಹತ್ತಿರ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ನನಗೆ ಅವನು ಬೇಡವಾಗಿದ್ದ. ಆದರೆ ಸರಿಯುತ್ತರ ಕೊಟ್ಟವನನ್ನು ಬೇಡ ಎನ್ನುವುದು ನಮ್ಮ ಮನೆಯಲ್ಲಿ ಸಾಧ್ಯವಿರಲಿಲ್ಲ. ಶುಕ್ರವಾರ ತಾಂಬೂಲ ಬದಲಾಯಿಸುವುದೆಂದು ಗೊತ್ತಾಯಿತು.

ಗುರುವಾರ ಹನೂರಿನ ಶಾಲೆಯ ಮೇಷ್ಟ್ರೊಬ್ಬರು ತಮಗೆ ಕಳಿಸಿದ್ದ ಪಟವನ್ನು ವಾಪಸು ಕೊಡಲು ಬಂದರು. ಬಸ್ಸಿನ ಧೂಳು ತಲೆಯ ಮೇಲೆ ಹಾಗೇ ಇತ್ತು. ಕುಳಿತುಕೊಳ್ಳುವ ಮೊದಲೇ ಹೇಳಿದರು: "ಸಾ, ಇದ್ಕೆ ವರ್ಗಮೂಲ ಇಲ್ಲ. ಅಂಕಿ ಎಲ್ಲಾ ಕೂಡುದ್ರೆ ಐವತ್ತಾಯ್ತದೆ, ಒಂಬತ್ರಲ್ಲಿ ಭಾಗ್ಸುದ್ರೆ ಐದುಳೀತದೆ. ಯಾವ ವರ್ಗಸಂಖ್ಯೇಲೂ ಐದುಳಿಯಕಿಲ್ಲ. ಘನಮೂಲಾನೂ ಇಲ್ಲ, ಎರಡು ನಾಕೇ ಸಲ ಓಯ್ತದೆ."

ಹನೂರಿನಲ್ಲಿ ಕೂಡುವುದನ್ನು ಬೇರೆ ಥರ ಕಲಿಸುತ್ತಾರೇನಪ್ಪ ಎಂದು ಅಪ್ಪ ನಕ್ಕರು. ಆತನ ಬಾಯಿ ಮುಚ್ಚಿಸಲು ನನ್ನನ್ನೇ ಕರೆದು, ಪಟ ನೋಡಿ ಕೂಡು ಎಂದರು. ಅಷ್ಟು ದಿನ ಆ ಪಟದಲ್ಲಿ ನಾನು ನೋಡಿದ್ದು ನನ್ನ ಮುಖವನ್ನೇ. ಅಪ್ಪನಂತೂ ಸಂಖ್ಯೆ ಬಾಯಿಪಾಠವಾಗಿದ್ದರಿಂದ ನೋಡಿಯೇ ಇರಲಿಲ್ಲ. ಕೂಡಿದೆ. ನಲವತ್ತೈದು ಬರಬೇಕಿತ್ತು, ಐವತ್ತು ಬಂತು. ಸೊನ್ನೆಯ ಪಕ್ಕದಲ್ಲಿದ್ದ 3 ದುಂಡಗೆ 8 ಆಗಿ ಕುಳಿತಿತ್ತು.

ಬೀದಿಯ ತುದಿಯಲ್ಲಿದ್ದ ಫೋಟೋದವನನ್ನು ಕರೆಸಿದರು. ಅವನಿಗೆ ಹೆಮ್ಮೆಯೋ ಹೆಮ್ಮೆ. "ಆ ಎಂಟರ ಎಡಗಡೆ ಸುಣ್ಣ ಉದುರೋಗಿತ್ತು ಸಾ. ಗಾಜಿನ ಪ್ಲೇಟ್ ಮ್ಯಾಲೆ ಪೆನ್ಸಿಲ್ ಆಡ್ಸಿ ತುಂಬುದೆ. ಅವ್ವಾರ ಮುಖಾನೂ ಅಂಗೇ ಬೆಳ್ಳಗ್ ಮಾಡಿವ್ನಿ" ಎಂದ.

ಅಪ್ಪ ಜಗಲಿಯ ಮೇಲೆ ಕುಸಿದರು. ಕಾಫಿ ಕೊಟ್ಟು ಕಳಿಸಿದವರೆಲ್ಲ ಕಣ್ಣ ಮುಂದೆ ಸಾಲುಗಟ್ಟಿರಬೇಕು. ನಾನು ಮಾತ್ರ ಬೇರೊಂದು ಲೆಕ್ಕ ಹಾಕುತ್ತಿದ್ದೆ.

"ಅಪ್ಪಾ," ಎಂದೆ, "ಪಟದಲ್ಲಿ ಎಂಟಿದ್ರೆ, ಯಳಂದೂರಿನವ್ರಿಗೆ ಸರಿಯುತ್ತರ ಎಲ್ಲಿಂದ ಬಂತು?"

ಆ ಹುಡುಗನ ಚಿಕ್ಕಪ್ಪನ ಮಗ ತಮ್ಮ ಹಳೆಯ ವಿದ್ಯಾರ್ಥಿ ಎಂಬುದು ಆಗ ಅಪ್ಪನಿಗೆ ಹೊಳೆಯಿತು. ಎದ್ದು ಅಂಗಿ ತೊಟ್ಟವರೇ ಯಳಂದೂರಿಗೆ ಹೊರಟರು. ಮಗಳ ಮದುವೆ ಮುರಿಯುವುದನ್ನಾದರೂ ತಡೆದುಕೊಂಡಾರು, ಕಾಪಿ ಹೊಡೆದವನನ್ನು ಅವರು ತಡೆದುಕೊಳ್ಳುವವರಲ್ಲ. ನಾನು ಅಡುಗೆಮನೆಗೆ ಹೋಗಿ ಖುಷಿಗೆ ಅತ್ತೆ.

ಹನೂರಿನ ಮೇಷ್ಟ್ರನ್ನು ಮದುವೆಯಾಗಿ ಎಷ್ಟೋ ದಿನಗಳಾದ ಮೇಲೆ ಒಂದು ಮಾತು ಕೇಳಿದೆ. ಲೆಕ್ಕ ತಪ್ಪು ಅಂತ ಗೊತ್ತಾದ ಮೇಲೆ ಪಟವನ್ನು ಅಂಚೆಗೆ ಹಾಕಬಹುದಿತ್ತಲ್ಲ, ಅಷ್ಟು ದೂರ ಯಾಕೆ ಬಂದಿರಿ ಎಂದೆ. ಗೋಡೆಯ ಮೇಲಿನ ಆ ಪಟದಲ್ಲಿ ಐವತ್ತು ಸಾವಿರ ಹೆಚ್ಚಿಸಿಕೊಂಡು ಬೆಳ್ಳಗೆ ನಿಂತಿದ್ದ ನನ್ನನ್ನು ಅವರು ಒಮ್ಮೆ ನೋಡಿದರು.

"ಲೆಕ್ಕನೇ ಸುಳ್ಳಾದ್ಮೇಲೆ ಮುಖಾನ ಎಂಗೆ ನಂಬದು? ಖುದ್ದು ನೋಡವಾ ಅಂತ ಬಂದೆ."